ತಾರತಮ್ಯ ಸೊನ್ನೆ ಮಾಡಿ ಮೇಷ್ಟ್ರೇ

ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಸಾಮಾಜಿಕ ನ್ಯಾಯ ಅಂದರೆ ಪ್ರಾಣ. ನಾನು ಮುಂದಿಟ್ಟ ಹಾಳೆಯಲ್ಲಿ ‘ತಾರತಮ್ಯ ಸೂಚ್ಯಂಕ’ ಅನ್ನುವ ಕಾಲಂ ಕಂಡದ್ದೇ ತಡ, ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

“ಏನ್ರೀ ಮೇಷ್ಟ್ರೇ ಇದು? ನಮ್ಮ ಕಾಲೇಜಲ್ಲಿ ತಾರತಮ್ಯವಾ? ಅದೂ ಒಂಬತ್ತನೇ ಪ್ರಶ್ನೆಗೆ 0.52? ಹೊರಗೆ ಗೊತ್ತಾದರೆ ಪೇಪರಿನವರು ಬಿಡ್ತಾರೇನ್ರೀ? ಮುಂದಿನ ಪರೀಕ್ಷೆ ಹೊತ್ತಿಗೆ ಎಲ್ಲಾ ಸೊನ್ನೆಗೆ ತನ್ನಿ.”

“ಸಾರ್, ಇದು ಆ ತಾರತಮ್ಯ ಅಲ್ಲ. ಇದು ಜಾಸ್ತಿ ಇದ್ದಷ್ಟೂ ಒಳ್ಳೇದು” ಅಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಇನ್‌ಕ್ರಿಮೆಂಟು ಕರಗಿಹೋಯಿತು.

ತಪ್ಪು ಅವರದಲ್ಲ, ಹೆಸರಿಟ್ಟವರದು. ಕನ್ನಡದಲ್ಲಿ ತಾರತಮ್ಯ ಅನ್ನುವ ಪದಕ್ಕೆ ಎರಡು ಮುಖ. ಮಧ್ವಮತದವರನ್ನು ಕೇಳಿದರೆ ದೇವತೆಗಳಿಂದ ಹಿಡಿದು ಜೀವರ ತನಕ ಮೇಲು ಕೆಳಗಿನ ಕ್ರಮವನ್ನು ಅರಿಯುವುದೇ ತಾರತಮ್ಯ ಜ್ಞಾನ ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಅದು ಬೈಗುಳ. ಬಿ.ಎಡ್ ಪುಸ್ತಕ ಮೊದಲನೆಯ ಅರ್ಥ ಹಿಡಿಯಿತು, ನಮ್ಮ ಕಾರ್ಯದರ್ಶಿಗಳು ಎರಡನೆಯದನ್ನು. ನಡುವೆ ಸಿಕ್ಕಿಕೊಂಡವನು ನಾನು, ಪ್ರಥಮ ಪಿಯುಸಿಯ ಭೌತಶಾಸ್ತ್ರದ ಮೇಷ್ಟ್ರು.

ನಾನು ಸಿಕ್ಕಿಕೊಂಡದ್ದು ಒಂದು ಕಾರ್ಯಾಗಾರದಿಂದ. ಸಂಪನ್ಮೂಲ ವ್ಯಕ್ತಿಯೊಬ್ಬರು ಬಂದು, ಪರೀಕ್ಷೆ ಮುಗಿದ ಮೇಲೆ ಮಕ್ಕಳಿಗೆ ಅಂಕ ಕೊಟ್ಟರೆ ಸಾಲದು, ಪ್ರಶ್ನೆಗಳಿಗೂ ಅಂಕ ಕೊಡಬೇಕು ಅಂದರು. ಯಾವ ಪ್ರಶ್ನೆ ಎಷ್ಟು ಕಠಿಣ, ಯಾವ ಪ್ರಶ್ನೆ ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸಿತು ಎಂದು ಲೆಕ್ಕ ಹಾಕಿ, ಕೆಟ್ಟವನ್ನು ತಿದ್ದಿ ಪ್ರಶ್ನಾ ಬ್ಯಾಂಕಿಗೆ ಸೇರಿಸಬೇಕಂತೆ. ಎಲ್ಲರೂ ತಲೆಯಾಡಿಸಿ, ಹಾಜರಿಗೆ ಸಹಿ ಹಾಕಿ, ಹೋಳಿಗೆ ಊಟಕ್ಕೆ ಎದ್ದರು. ನಾನೊಬ್ಬ ಕೈ ಎತ್ತಿ ಒಂದು ಸಂದೇಹ ಕೇಳಿದೆ. ಸಂದೇಹ ಕೇಳಿದವನನ್ನೇ ಸಂಯೋಜಕನನ್ನಾಗಿ ಮಾಡುವುದು ನಮ್ಮಲ್ಲಿ ವಾಡಿಕೆ.

ಬ್ರಿಡ್ಜ್ ಕೋರ್ಸ್ ಮುಗಿದ ಮೇಲೆ ಮಾಡಿದ ಪರೀಕ್ಷೆ ಅದು. ನೂರು ಮಕ್ಕಳು, ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿದೆ. ಮೇಲಿನ 27 ಒಂದು ಕಟ್ಟು, ಕೆಳಗಿನ 27 ಇನ್ನೊಂದು ಕಟ್ಟು. ನಡುವಿನ 46 ಮಕ್ಕಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈ ಲೆಕ್ಕಕ್ಕೆ ಅವರು ಬೇಕಾಗಿಲ್ಲ. ಮಧ್ಯಮ ವರ್ಗವನ್ನು ಯಾವ ಲೆಕ್ಕಕ್ಕೂ ಹಿಡಿಯದ ದೇಶದಲ್ಲಿ ಇದೇನು ಹೊಸದಲ್ಲ ಅನ್ನಿ.

27 ಯಾಕೆ ಅಂತ ಅಟೆಂಡರ್ ಕೂಡ ಕೇಳಿದ. ಅದು ನಕ್ಷತ್ರಗಳ ಲೆಕ್ಕ ಅಂದುಕೊಂಡಿದ್ದನೋ ಏನೋ. 1939ರಲ್ಲಿ ಟ್ರೂಮನ್ ಕೆಲ್ಲಿ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ತೋರಿಸಿಕೊಟ್ಟದ್ದು. ತುದಿಯ ಹತ್ತೇ ಜನರನ್ನು ತೆಗೆದುಕೊಂಡರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ, ಆದರೆ ಹತ್ತು ಜನರ ಮಾತನ್ನು ನಂಬುವುದು ಹೇಗೆ? ಐವತ್ತೈವತ್ತು ಜನರನ್ನು ತೆಗೆದುಕೊಂಡರೆ ಸಂಖ್ಯೆಯೇನೋ ದೊಡ್ಡದು, ಆದರೆ ಐವತ್ತನೆಯವನಿಗೂ ಐವತ್ತೊಂದನೆಯವನಿಗೂ ಅರ್ಧ ಅಂಕದ ವ್ಯತ್ಯಾಸವೂ ಇರುವುದಿಲ್ಲ. ಎರಡೂ ಕಡೆಯ ನಷ್ಟ ತೂಗಿ ನೋಡಿದರೆ ಮುಳ್ಳು ಶೇಕಡಾ 27ರ ಹತ್ತಿರ ನಿಲ್ಲುತ್ತದೆ. ಕಂಪ್ಯೂಟರು ಬಂದ ಮೇಲೆ ನೂರು ಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕುವ ದಾರಿಗಳಿವೆ. ಆದರೆ ನಮ್ಮ ಕಾಲೇಜಿನ ಕಂಪ್ಯೂಟರು ಫೀಸ್ ಕೌಂಟರಿನಲ್ಲಿದೆ, ಅದಕ್ಕೆ ಬೇರೆ ಲೆಕ್ಕವಿದೆ.

ಹಾಗಾಗಿ ಕೈಲೆಕ್ಕ. ಒಂದೊಂದು ಪ್ರಶ್ನೆಗೂ ಯಾವ ಗುಂಪಿನ ಎಷ್ಟು ಮಂದಿ ಯಾವ ಆಯ್ಕೆ ಬರೆದರು ಎಂದು ಹಾಲಿನವನ ಲೆಕ್ಕದ ಹಾಗೆ ನಾಲ್ಕು ಗೀಟು, ಐದನೆಯದು ಅಡ್ಡ. ಮೂರು ಸಂಜೆ ಹಿಡಿಯಿತು. ಮನೆಯಲ್ಲಿ ನಾನು ಚೀಟಿ ವ್ಯವಹಾರಕ್ಕೆ ಇಳಿದಿದ್ದೇನೆ ಎಂಬ ಗುಮಾನಿ ಹುಟ್ಟಿತು.

ಗೀಟು ಮುಗಿದರೆ ಮಿಕ್ಕದ್ದು ಮೂರನೇ ಕ್ಲಾಸಿನ ಗಣಿತ. ಎರಡು ಗುಂಪಿನಲ್ಲೂ ಸರಿ ಉತ್ತರ ಬರೆದವರನ್ನು ಕೂಡಿಸಿ 54ರಿಂದ ಭಾಗಿಸಿದರೆ ಕಠಿಣತಾ ಸೂಚ್ಯಂಕ. ಮೇಲಿನವರಿಂದ ಕೆಳಗಿನವರನ್ನು ಕಳೆದು 27ರಿಂದ ಭಾಗಿಸಿದರೆ ತಾರತಮ್ಯ ಸೂಚ್ಯಂಕ. ಒಂಬತ್ತನೇ ಪ್ರಶ್ನೆಯನ್ನು ಮೇಲಿನವರಲ್ಲಿ 22 ಮಂದಿ, ಕೆಳಗಿನವರಲ್ಲಿ 8 ಮಂದಿ ಸರಿ ಮಾಡಿದ್ದರು. ಕಠಿಣತೆ 0.56, ತಾರತಮ್ಯ 0.52. ಅಂದರೆ ಪಾಠ ಗೊತ್ತಿದ್ದವರು ಬರೆದರು, ಗೊತ್ತಿಲ್ಲದವರು ತಪ್ಪಿದರು. ಪ್ರಶ್ನೆಯಿಂದ ನಾವು ಬೇಡುವುದು ಇಷ್ಟನ್ನೇ. ರಾಬರ್ಟ್ ಎಬೆಲ್ ಹಾಕಿಕೊಟ್ಟ ಅಳತೆಗೋಲಿನಲ್ಲಿ 0.40 ದಾಟಿದರೆ ಪ್ರಶ್ನೆ ಬಹಳ ಚೆನ್ನ, 0.20ರ ಕೆಳಗೆ ಇಳಿದರೆ ಕಳಪೆ, ನಡುವಿನವು ರಿಪೇರಿಗೆ.

ಈ ಹಾಳೆಯನ್ನು ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ನೇರವಾಗಿ ಏಳನೇ ಪ್ರಶ್ನೆಗೆ ಬೆರಳಿಟ್ಟರು.

“ಕಠಿಣತೆ 0.98! ಮಕ್ಕಳನ್ನ ಸಾಯಿಸಬೇಕು ಅಂತ ಮಾಡಿದ್ದೀರಾ?”

ಪ್ರಶ್ನೆ ಏನೆಂದರೆ, ವಿದ್ಯುತ್ ಪ್ರವಾಹದ ಏಕಮಾನ ಯಾವುದು. ಉತ್ತರ ಆಂಪಿಯರ್. ಮೇಲಿನ 27ಕ್ಕೆ 27 ಮಂದಿಯೂ, ಕೆಳಗಿನವರಲ್ಲಿ 26 ಮಂದಿಯೂ ಸರಿ ಬರೆದಿದ್ದರು. 54ರಲ್ಲಿ 53. ಈ ಕಠಿಣತಾ ಸೂಚ್ಯಂಕ ಅನ್ನುವುದು ಸರಿ ಬರೆದವರ ಪಾಲು, ಹಾಗಾಗಿ ಅಂಕಿ ಏರಿದಷ್ಟೂ ಪ್ರಶ್ನೆ ಸುಲಭ. ಹೆಸರು ಕಠಿಣತೆ, ಅಳೆಯುವುದು ಸುಲಭತೆಯನ್ನು. ಸಾಲ ಕೊಡದ ಬ್ಯಾಂಕಿಗೆ ಸಹಕಾರಿ ಬ್ಯಾಂಕ್ ಅಂತ ಹೆಸರಿಟ್ಟ ಹಾಗೆ. ಇದನ್ನು ಪ್ರಿನ್ಸಿಪಾಲರಿಗೆ ಎರಡು ಸಲ ವಿವರಿಸಿದೆ. ಮೂರನೇ ಸಲ ಅವರೇ ನನಗೆ ವಿವರಿಸಿದರು, ತಿರುಗಾಮುರುಗಾ ಮಾಡಿ.

ಸುಲಭ ಎಂದು ಗೊತ್ತಾದ ಮೇಲೆ ಅವರ ಸಿಟ್ಟು ಇನ್ನೊಂದು ಕಾಲಂಗೆ ದಾಟಿತು. ತಾರತಮ್ಯ 0.04 ಇತ್ತು. “ಎಬೆಲ್ ಪ್ರಕಾರ ಇದು ಕಳಪೆ ಅಲ್ಲವೇನ್ರೀ?” ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಲೆಕ್ಕ ನೋಡಿ. ತಪ್ಪು ಮಾಡಿದವನು 54ರಲ್ಲಿ ಒಬ್ಬನೇ ಒಬ್ಬ. ಅವನು ಕೆಳಗಿನ ಗುಂಪಿನಲ್ಲೇ ಇದ್ದಾನೆ. ಆ ಪ್ರಶ್ನೆ ಇದಕ್ಕಿಂತ ಹೆಚ್ಚು ತಾರತಮ್ಯ ತೋರಿಸುವುದು ಹರಿಹರ ಬ್ರಹ್ಮರಿಗೂ ಸಾಧ್ಯವಿಲ್ಲ, ಯಾಕೆಂದರೆ ತಪ್ಪುಗಳೇ ಇಲ್ಲ. ಕಠಿಣತೆ 0.50ರ ಸುತ್ತ ಇದ್ದಾಗ ಮಾತ್ರ ತಾರತಮ್ಯಕ್ಕೆ ಒಂದರ ತನಕ ಏರುವ ಜಾಗವಿರುತ್ತದೆ. ಎರಡೂ ತುದಿಗೆ ಹೋದ ಹಾಗೆ ಜಾಗ ಕಿರಿದಾಗುತ್ತದೆ. ಇನ್ನು ಆಂಪಿಯರ್ ಗೊತ್ತಿಲ್ಲದ ಮಗು ಭೌತಶಾಸ್ತ್ರದ ಬೆಂಚಿನಲ್ಲಿ ಕೂತಿದೆಯಾ ಎಂದು ತಿಳಿಯುವುದಕ್ಕೇ ಅಂಥ ಪ್ರಶ್ನೆ ಇಡುವುದು. ನೂರಕ್ಕೆ ನೂರು ಸರಿ ಬಂದರೆ ಅದು ಪ್ರಶ್ನೆಯ ಸೋಲಲ್ಲ, ಹೈಸ್ಕೂಲ್ ಮೇಷ್ಟ್ರ ಗೆಲುವು.

ಈ 0.04 ಇದೆಯಲ್ಲ, ಅದು ಇನ್ನೊಂದು ಕಡೆಯೂ ಬಂದಿತ್ತು. ಇಪ್ಪತ್ತೆರಡನೇ ಪ್ರಶ್ನೆ, ಪೀನ ಮಸೂರದ ಮೇಲೆ. ಮೇಲಿನವರಲ್ಲಿ 8 ಸರಿ, ಕೆಳಗಿನವರಲ್ಲಿ 7 ಸರಿ. ತಾರತಮ್ಯ ಏಳನೇ ಪ್ರಶ್ನೆಯದ್ದೇ, ಆದರೆ ಕಠಿಣತೆ 0.28. ಒಂದೇ ರಾಶಿ, ಒಂದೇ ನಕ್ಷತ್ರ, ಜಾತಕ ಬೇರೆ. ನಾನು ಗೀಟುಗಳನ್ನು ತೆಗೆದು ನೋಡಿದೆ. ಜಾಣರಲ್ಲಿ ನಾಲ್ಕು ಆಯ್ಕೆಗೆ 6, 7, 8, 6. ಉಳಿದವರಲ್ಲಿ 7, 6, 7, 7. ಸತ್ಯನಾರಾಯಣ ಪೂಜೆಯ ಪ್ರಸಾದ ಹಂಚಿದ ಹಾಗೆ ಸಮಪಾಲು. ನಾಲ್ಕು ಆಯ್ಕೆಯಿದ್ದಾಗ ಕಣ್ಣು ಮುಚ್ಚಿ ಬರೆದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಅಂದರೆ 0.25. ನಮ್ಮ 0.28 ಅದರ ಪಕ್ಕದ ಮನೆ. ಜಾಣರೂ ಮಂಕರೂ ಕೂಡಿ ನಾಣ್ಯ ಚಿಮ್ಮಿದ್ದಾರೆ ಅಂತ ಅರ್ಥ.

ಯಾಕೆ? ಹಾಜರಿ ಪುಸ್ತಕ ತೆಗೆದೆ. ಬ್ರಿಡ್ಜ್ ಕೋರ್ಸಿನ ಹತ್ತು ದಿನಗಳಲ್ಲಿ ಎಂಟನೇ ಮತ್ತು ಒಂಬತ್ತನೇ ದಿನ ಸ್ವಾಗತ ಸಮಾರಂಭದ ಶಾಮಿಯಾನಕ್ಕೆ ಹೋಗಿದ್ದವು. ಬೆಳಕಿನ ಪಾಠ ಆ ಎರಡು ದಿನದ್ದು. ಪಾಠವನ್ನೇ ಮಾಡದೆ ಪ್ರಶ್ನೆ ಕೇಳಿದ್ದೆವು. ಇಲ್ಲಿ ತಿದ್ದಬೇಕಾದದ್ದು ಪ್ರಶ್ನೆಯನ್ನಲ್ಲ, ವೇಳಾಪಟ್ಟಿಯನ್ನು. ನಮ್ಮನ್ನೇ ಯಾಕೆ ಬಯ್ಯಬೇಕು, 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನವು ಎಂದು ಗಲಾಟೆಯಾಗಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಅದರ ಮುಂದೆ ನಮ್ಮದು ಒಂದೇ ಮಸೂರ.

ನಿಜವಾದ ಮಜಾ ಇರುವುದು ಸೊನ್ನೆಯ ಕೆಳಗೆ. ಕಾರ್ಯದರ್ಶಿಗಳು ಸೊನ್ನೆ ಕೇಳಿದ್ದರು, ನಾವು ಅದಕ್ಕಿಂತ ಕೆಳಗೂ ಸಾಧಿಸಿದ್ದೆವು. ಜಾಣರು ತಪ್ಪಿ, ಉಳಿದವರು ಸರಿ ಬರೆದರೆ ತಾರತಮ್ಯ ಸೂಚ್ಯಂಕ ಮೈನಸ್‌ಗೆ ಇಳಿಯುತ್ತದೆ. ಮೈನಸ್ ಕಂಡರೆ ಮೊದಲು ನೋಡಬೇಕಾದದ್ದು ಕೀ ಉತ್ತರವನ್ನು. ಮೂವತ್ತೊಂದನೇ ಪ್ರಶ್ನೆ ರಸಾಯನಶಾಸ್ತ್ರದ್ದು, ತಾರತಮ್ಯ ಮೈನಸ್ 0.15. ಕೀ ಪ್ರಕಾರ ಉತ್ತರ ‘ಇ’. ಅದನ್ನು ಬರೆದ ಜಾಣರು ಇಬ್ಬರು, ಉಳಿದವರಲ್ಲಿ ಆರು. ಆದರೆ 27 ಜಾಣರಲ್ಲಿ 22 ಮಂದಿ ಒಮ್ಮತದಿಂದ ‘ಆ’ ಎಂದಿದ್ದರು. ಇಪ್ಪತ್ತೆರಡು ಜಾಣರು ಒಂದೇ ಕಡೆ ತಪ್ಪುವುದು ಕಾಪಿ ಹೊಡೆದರೆ ಮಾತ್ರ, ಆದರೆ ಅವರು ಬೇರೆ ಬೇರೆ ಕೊಠಡಿಯಲ್ಲಿ ಕೂತಿದ್ದರು. ಕೈಬರಹದ ಕೀ ತೆಗೆದು ನೋಡಿದರೆ ರಸಾಯನಶಾಸ್ತ್ರದ ಮೇಡಂ ಸರಿಯಾಗಿಯೇ ‘ಆ’ ಬರೆದಿದ್ದರು. ಟೈಪಿಂಗಿನಲ್ಲಿ ‘ಇ’ ಆಗಿತ್ತು. ‘ಆ’ ಬರೆದವರು ಕೆಳಗಿನ ಗುಂಪಿನಲ್ಲಿ 9 ಮಂದಿ. ಅಕ್ಷರವೊಂದು ಬದಲಾದ ಕ್ಷಣವೇ ಕಠಿಣತೆ 0.57, ತಾರತಮ್ಯ 0.48. ಪತ್ರಿಕೆಯ ಅತ್ಯಂತ ಕೆಟ್ಟ ಪ್ರಶ್ನೆಗಳಲ್ಲಿ ಒಂದು ಎದ್ದು ಬಂದು ಒಂಬತ್ತನೆಯದರ ಪಕ್ಕ ಕೂತಿತು.

ಇನ್ನು ಹದಿನಾಲ್ಕು. ಇದನ್ನು ಬರೆದವನು ನಾನೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು.

‘ನೀರು ಎಷ್ಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ?’ ಅ) 90, ಆ) 95, ಇ) 100, ಈ) ವಾತಾವರಣದ ಒತ್ತಡದ ಮೇಲೆ ಅವಲಂಬಿತ. ಕೀ ಉತ್ತರ ‘ಇ’. ನೀಲನಕ್ಷೆಯಲ್ಲಿ ನಾನು ಇದರ ಎದುರು ‘ಸುಲಭ’ ಎಂದು ಬರೆದಿದ್ದೆ. ಪ್ರಶ್ನೆ ಸುಲಭವೋ ಕಠಿಣವೋ ಎಂದು ಮಕ್ಕಳು ಮುಟ್ಟುವ ಮೊದಲೇ ನೀಲನಕ್ಷೆಯಲ್ಲಿ ಬರೆದುಬಿಡುವುದು ನಮ್ಮ ಪದ್ಧತಿ. ಒಗ್ಗರಣೆ ಹಾಕುವ ಮೊದಲೇ ‘ರುಚಿ: ಉತ್ತಮ’ ಎಂದು ಬೋರ್ಡು ಬರೆಯುವ ಹೋಟೆಲಿನವರೂ ನಮ್ಮಷ್ಟು ಧೈರ್ಯವಂತರಲ್ಲ.

ಕಠಿಣತೆ 0.54 ಬಂತು. ಚಿನ್ನದಂಥ ಅಂಕಿ. ಅದನ್ನಷ್ಟೇ ನೋಡಿದ್ದರೆ ನಾನು ಬೆನ್ನು ತಟ್ಟಿಕೊಂಡು ಮನೆಗೆ ಹೋಗುತ್ತಿದ್ದೆ. ಪಕ್ಕದ ಕಾಲಂನಲ್ಲಿ ಮೈನಸ್ 0.41. ಕೀ ನೋಡಿದೆ, ಟೈಪಿಂಗ್ ತಪ್ಪಿಲ್ಲ. ಗೀಟು ನೋಡಿದೆ. ಕೆಳಗಿನ ಗುಂಪಿನ 20 ಮಂದಿ ನೂರು ಅಂದಿದ್ದರು. ಮೇಲಿನ ಗುಂಪಿನಲ್ಲಿ ನೂರು ಅಂದವರು 9 ಮಂದಿ, ‘ಒತ್ತಡದ ಮೇಲೆ ಅವಲಂಬಿತ’ ಅಂದವರು 17 ಮಂದಿ.

ಈ ಹದಿನೇಳು ಜನ ಎಲ್ಲಿ ಎಡವಿದರು? ಎಲ್ಲೂ ಇಲ್ಲ. ಎಡವಿದವನು ನಾನು. ನೀರು ನೂರಕ್ಕೆ ಕುದಿಯುವುದು ಸಮುದ್ರ ಮಟ್ಟದ ಒತ್ತಡದಲ್ಲಿ. ನಾನು ಪರೀಕ್ಷೆ ಮಾಡಿದ್ದು ಮಂಗಳೂರಿನ ಬಂದರಿನಲ್ಲಲ್ಲ, ಬೆಂಗಳೂರಿನಲ್ಲಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮುನ್ನೂರು ಮೀಟರ್ ಏರಿದರೆ ಕುದಿಬಿಂದು ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. ಅಲ್ಲಿಗೆ ನಮ್ಮ ಸ್ಟಾಫ್ ರೂಮಿನ ಚಹಾ ಕುದಿಯುವುದು 97ರ ಆಸುಪಾಸಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಆ ಚಹಾ ಕುಡಿಯುತ್ತಾ ನೂರು ಎಂದು ಪಾಠ ಹೇಳುತ್ತಿದ್ದೇನೆ. ಪ್ರಶ್ನೆಯಲ್ಲಿ ಒತ್ತಡ ಎಷ್ಟು ಎಂದು ಹೇಳಲಿಲ್ಲ, ಆಯ್ಕೆಯಲ್ಲಿ ಮಾತ್ರ ಒತ್ತಡವನ್ನು ತಂದು ಕೂರಿಸಿದೆ. ನಾಲ್ಕನೇ ಆಯ್ಕೆಗೆ ಏನೂ ತೋಚದೆ, ದಾರಿ ತಪ್ಪಿಸಲಿ ಎಂದು ಹಾಕಿದ್ದು ಅದು. ದಾರಿ ತಪ್ಪಿದ್ದು ನಿಜ, ಆದರೆ ಯೋಚನೆ ಮಾಡುವವರು ಮಾತ್ರ ತಪ್ಪಿದರು. ಯೋಚನೆ ಮಾಡದವರು ಬಾಯಿಪಾಠದ ಹೈವೇ ಹಿಡಿದು ಟೋಲ್ ಕೂಡ ಕಟ್ಟದೆ ಊರು ಸೇರಿದರು.

ಪುಸ್ತಕದ ಸಾಲು ಒಂದು, ನಿಜ ಇನ್ನೊಂದು ಆದಾಗ ದೊಡ್ಡವರೂ ಹೀಗೇ ಸಿಕ್ಕಿಕೊಂಡಿದ್ದಾರೆ. 2024ರ ನೀಟ್‌ನಲ್ಲಿ ಪರಮಾಣುವಿನ ಮೇಲೆ ಒಂದು ಪ್ರಶ್ನೆ ಬಂತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದನ್ನು ಓದಿದವರಿಗೆ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟು ಕೈತೊಳೆದುಕೊಂಡರು. ಸುಪ್ರೀಂ ಕೋರ್ಟು ದೆಹಲಿ ಐಐಟಿಯ ತಜ್ಞರನ್ನು ಕೇಳಿ ಒಂದೇ ಉತ್ತರ ಸರಿ ಎಂದು ತೀರ್ಮಾನಿಸಿದಾಗ ಪೂರ್ಣ ಅಂಕದವರ ಸಂಖ್ಯೆ 61ರಿಂದ 17ಕ್ಕೆ ಬಂತು. ನನ್ನ ಕುದಿಯುವ ನೀರು ಕೋರ್ಟಿಗೆ ಹೋಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ತಿದ್ದುವುದು ಕಷ್ಟವೇನಲ್ಲ. ಎರಡು ದಾರಿ ಬರೆದೆ. ಒಂದು, ‘ಸಮುದ್ರ ಮಟ್ಟದ ವಾತಾವರಣದ ಒತ್ತಡದಲ್ಲಿ ಶುದ್ಧ ನೀರಿನ ಕುದಿಬಿಂದು’ ಎಂದು ಪ್ರಶ್ನೆಯನ್ನು ಬಿಗಿ ಮಾಡಿ, ‘ಈ’ ಆಯ್ಕೆ ಕಿತ್ತು 110 ಹಾಕುವುದು. ಎರಡು, ಪ್ರಶ್ನೆಯನ್ನೇ ತಿರುಗಿಸಿ ‘ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯಲು ಕಾರಣವೇನು?’ ಎಂದು ಕೇಳುವುದು. ನನಗೆ ಎರಡನೆಯದೇ ಇಷ್ಟ. ನೂರು ಎಂಬ ಬಾಯಿಪಾಠಕ್ಕೆ ಅಲ್ಲಿ ಬೆಲೆಯಿಲ್ಲ.

ನಾಲ್ಕೂ ಪ್ರಶ್ನೆಗಳ ಕಥೆ ಬರೆದು, ಗೀಟಿನ ಹಾಳೆ ಲಗತ್ತಿಸಿ, ಪ್ರಶ್ನಾ ಬ್ಯಾಂಕ್ ಸಮಿತಿಗೆ ಕೊಟ್ಟೆ. ಸಮಿತಿಯಲ್ಲಿ ಏಳು ಜನ. ಗೀಟಿನ ಹಾಳೆಯನ್ನು ಯಾರೂ ತೆರೆಯಲಿಲ್ಲ, ಅದರ ಮೇಲೆ ಬೋಂಡಾ ತಟ್ಟೆ ಇತ್ತು. ಅಂಕಿಗಳ ಪಟ್ಟಿಯಲ್ಲಿ 0.20ಕ್ಕಿಂತ ಕೆಳಗಿನವಕ್ಕೆ ಕೆಂಪು ಬಳಿಯಿರಿ, ಕೆಂಪಾದದ್ದನ್ನು ಕಿತ್ತುಹಾಕಿ ಎಂದು ಸೂತ್ರ ಹೊರಟಿತು. ಸೂಚ್ಯಂಕ ಅಂದರೆ ಜ್ವರದ ಅಳತೆ ಇದ್ದ ಹಾಗೆ, ರೋಗ ಯಾವುದು ಎಂದು ತಿಳಿಯಲು ರೋಗಿಯನ್ನು ನೋಡಬೇಕು ಎಂದೆ. ಅಧ್ಯಕ್ಷರು “ಸಮಯ ಇಲ್ಲ” ಎಂದರು. ಇನ್ನೊಂದು ಬೋಂಡಾಕ್ಕೆ ಮಾತ್ರ ಇತ್ತು.

ಏಳನೇ ಪ್ರಶ್ನೆ ಹೋಯಿತು. ಆಂಪಿಯರ್ ಗೊತ್ತಿದೆಯೋ ಇಲ್ಲವೋ ಎಂದು ಇನ್ನು ಮುಂದೆ ನಾವು ಕೇಳುವುದಿಲ್ಲ. ಇಪ್ಪತ್ತೆರಡು ಹೋಯಿತು, ಅದರ ಜೊತೆ ಬೆಳಕಿನ ಪಾಠವನ್ನೂ ಬ್ರಿಡ್ಜ್ ಕೋರ್ಸಿನಿಂದ ಕೈಬಿಟ್ಟರು, ಶಾಮಿಯಾನ ಉಳಿಯಿತು. ಮೂವತ್ತೊಂದು ಕೂಡ ಹೋಯಿತು. “ಕೀ ತಿದ್ದಿದರೆ ತಪ್ಪಾಗಿತ್ತು ಅಂತ ನಾವೇ ಒಪ್ಪಿಕೊಂಡ ಹಾಗೆ” ಎಂದರು ಅಧ್ಯಕ್ಷರು. ರಸಾಯನಶಾಸ್ತ್ರದ ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ತಪ್ಪು ಕೀಯಿಂದ ಒಂದು ಅಂಕ ಕಳೆದುಕೊಂಡ ಮಕ್ಕಳ ಮಾತು ಬಂದಾಗ, ನೂರೂ ಮಕ್ಕಳಿಗೆ ಒಂದೊಂದು ಕೃಪಾಂಕ ಎಂದು ತೀರ್ಮಾನವಾಯಿತು. ಎಲ್ಲರಿಗೂ ಒಂದೇ ಅಂಕ ಸಿಕ್ಕರೆ ಆ ಪ್ರಶ್ನೆಯ ತಾರತಮ್ಯ ಎಷ್ಟಾಗುತ್ತದೆ ಹೇಳಿ? ಸೊನ್ನೆ. ಕಾರ್ಯದರ್ಶಿಗಳು ಅಂದು ಬಹಳ ಪ್ರಸನ್ನರಾಗಿದ್ದರು.

ಹದಿನಾಲ್ಕು ಉಳಿಯಿತು. ಪಟ್ಟಿಯಲ್ಲಿ ಅದಕ್ಕಿಂತ ಕೆಂಪು ಇನ್ನೊಂದಿರಲಿಲ್ಲ, ಆದರೂ ಉಳಿಯಿತು. “ನೀರು ನೂರಕ್ಕೆ ಕುದಿಯುತ್ತದೆ ಅನ್ನೋದು ಪುಸ್ತಕದ ಸಾಲು. ಪುಸ್ತಕ ತಪ್ಪಾಗಲ್ಲ, ಮಕ್ಕಳು ತಪ್ಪಿರಬೇಕು.”

ಸಮಿತಿಯನ್ನಷ್ಟೇ ಬಯ್ದರೆ ಅನ್ಯಾಯವಾಗುತ್ತದೆ, ಈ ಸೂಚ್ಯಂಕಗಳ ಕೈಯೂ ಪೂರ್ತಿ ಶುದ್ಧವಲ್ಲ. ನಮ್ಮ ಗುಂಪು 27ರದ್ದು, ಒಬ್ಬ ಹುಡುಗ ಆಕಳಿಸಿ ತಪ್ಪು ಆಯ್ಕೆ ಬರೆದರೆ ತಾರತಮ್ಯ 0.04 ಅಲುಗುತ್ತದೆ. 0.19ಕ್ಕೂ 0.22ಕ್ಕೂ ನಡುವೆ ಇರುವುದು ಒಂದು ಆಕಳಿಕೆ. ಮೂವತ್ತು ಮಕ್ಕಳ ತರಗತಿಯಲ್ಲಂತೂ ಗುಂಪಿಗೆ ಎಂಟೇ ಜನ, ಅಲ್ಲಿ ಒಬ್ಬನ ಆಕಳಿಕೆಗೆ 0.125ರ ಬೆಲೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಯಾರು ಮೇಲಿನವರು, ಯಾರು ಕೆಳಗಿನವರು ಎಂದು ನಿರ್ಧರಿಸಿದ್ದು ಇದೇ ಪತ್ರಿಕೆಯ ಒಟ್ಟು ಅಂಕ. ಪತ್ರಿಕೆಯಲ್ಲಿ ಮುಕ್ಕಾಲು ಪಾಲು ಯೋಚನೆ ಕೇಳಿದ್ದರೆ ಯೋಚಿಸುವವರು ಮೇಲೆ ಬರುತ್ತಾರೆ, ಮುಕ್ಕಾಲು ಪಾಲು ಬಾಯಿಪಾಠವಾಗಿದ್ದರೆ ಬಾಯಿಪಾಠದವರು ಬರುತ್ತಾರೆ. ಆಗ ಬಾಯಿಪಾಠದ ಪ್ರಶ್ನೆಗೇ ಒಳ್ಳೆಯ ತಾರತಮ್ಯ ಸಿಗುತ್ತದೆ. ಪ್ರಶ್ನೆ ಉಳಿದ ಪ್ರಶ್ನೆಗಳ ಜೊತೆ ಹೊಂದಿಕೊಂಡಿದೆಯೇ ಎಂದು ಸೂಚ್ಯಂಕ ಹೇಳುತ್ತದೆ. ಸರಿಯಿದೆಯೇ ಎಂದು ಹೇಳುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನಂಬಿದ್ದು ಮಾತ್ರ ಈ ವರ್ಷ.

ಈ ವರ್ಷ ಬ್ರಿಡ್ಜ್ ಕೋರ್ಸಿನಲ್ಲಿ ನಾನು ಒಂದು ಕೆಲಸ ಮಾಡಿದೆ. ಸ್ಟಾಫ್ ರೂಮಿನ ಕೆಟಲನ್ನೇ ತರಗತಿಗೆ ಹೊತ್ತುಕೊಂಡು ಹೋಗಿ, ಲ್ಯಾಬಿನ ಥರ್ಮಾಮೀಟರ್ ಇಳಿಬಿಟ್ಟು ನೀರು ಕುದಿಸಿದೆ. ಬಂದವರೆಲ್ಲ ಸುತ್ತ ನಿಂತು ಓದಿದರು, 97. ಮುಂದಿನ ಬೆಂಚಿನ ಕೆಲವರು ಎದ್ದು ಬರಲಿಲ್ಲ, ಅವರ ಕೈಯಲ್ಲಿ ಮೊಬೈಲಿತ್ತು. ಹೋದ ವರ್ಷದ ಪತ್ರಿಕೆ, ಕೀ ಉತ್ತರ ಸಮೇತ, ಸೀನಿಯರ್‌ಗಳ ವಾಟ್ಸ್ಆ್ಯಪ್ ಗ್ರೂಪಿನಿಂದ ಬಂದಿತ್ತು ಎಂದು ಆಮೇಲೆ ತಿಳಿಯಿತು.

ಪರೀಕ್ಷೆಯಲ್ಲಿ ಹದಿನಾಲ್ಕನೇ ಪ್ರಶ್ನೆ ಅಕ್ಷರವೂ ಬದಲಾಗದೆ ಬಂತು. ಈ ಸಲವೂ ನೂರು ಮಕ್ಕಳು, ಈ ಸಲವೂ ಮೂರು ಸಂಜೆ ಗೀಟು. ಮೇಲಿನ 27ರಲ್ಲಿ 24 ಮಂದಿ ನೂರು ಅಂದಿದ್ದಾರೆ. ಕೆಳಗಿನ 27ರಲ್ಲಿ 13 ಮಂದಿ. ಕಠಿಣತೆ 0.69, ತಾರತಮ್ಯ ಪ್ಲಸ್ 0.41. ಹೋದ ವರ್ಷದ ಅದೇ ಅಂಕಿ, ಮೈನಸ್ ಮಾತ್ರ ಉದುರಿಹೋಗಿದೆ. ಸಮಿತಿ ಹಸಿರು ಬಳಿದು ‘ಪರಿಷ್ಕರಣೆಯ ನಂತರ ಅತ್ಯುತ್ತಮ, ಉಳಿಸಿಕೊಳ್ಳುವುದು’ ಎಂದು ಷರಾ ಬರೆದಿದೆ. ಪರಿಷ್ಕರಣೆ ಆದದ್ದು ಪ್ರಶ್ನೆಗಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಕೆಳಗಿನ ಗುಂಪಿನ 12 ಮಂದಿ ‘ಒತ್ತಡದ ಮೇಲೆ ಅವಲಂಬಿತ’ ಎಂದು ಬರೆದಿದ್ದರು. ಅವರಲ್ಲಿ ಹೆಚ್ಚಿನವರು ಅಂದು ಕೆಟಲಿನ ಸುತ್ತ ನಿಂತಿದ್ದವರು. ಕೀ ಪ್ರಕಾರ ಅವರಿಗೆ ಸೊನ್ನೆ ಹಾಕಿದ್ದೇನೆ.